ಹೋದ ತಿಂಗಳ ನಾರ್ಮಲ್ ರಿಪೋರ್ಟ್ ಈ ತಿಂಗಳಿಗೆ ಸಾಲದು

"ನನಗೀಗ ಎರಡು ತಿಂಗಳು. ಥೈರಾಯ್ಡ್ ಮಾತ್ರೆ ಮೊದಲಿಂದಲೂ ಇದೆ. ಹೋದ ತಿಂಗಳ ರಿಪೋರ್ಟ್ ನಾರ್ಮಲ್. ಮತ್ತೆ ರಕ್ತ ಕೊಡಬೇಕಾ? ಡೋಸ್ ಜಾಸ್ತಿ ಮಾಡಿದ್ರೆ ಮಗುವಿಗೆ ತೊಂದರೆ ಅಂತ ಅತ್ತೆ ಹೇಳ್ತಾರೆ."

ಕೊಡಲೇಬೇಕು. ಈ ತಿಂಗಳು ತಪ್ಪಿಸಬೇಡಿ.

ಮೊದಲ ಮೂರು ತಿಂಗಳು ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನ್ ಇರುವುದಿಲ್ಲ, ಅದರ ಮೆದುಳು ಬೆಳೆಯುವುದು ನಿಮ್ಮ ರಕ್ತದಲ್ಲಿರುವುದನ್ನು ಪಡೆದೇ. ಗರ್ಭಿಣಿಯ ದೇಹಕ್ಕೂ ಆಗ ಹಾರ್ಮೋನ್ ಹೆಚ್ಚು ಬೇಕು. ಆರೋಗ್ಯವಾಗಿರುವ ಗ್ರಂಥಿ ತಾನೇ ಹೆಚ್ಚು ಮಾಡಿಕೊಳ್ಳುತ್ತದೆ, ನಮ್ಮದಕ್ಕೆ ಆಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಡೋಸ್ ಕಾಲು ಭಾಗದಿಂದ ಅರ್ಧದಷ್ಟು ಏರಿಸಬೇಕಾಗುತ್ತದೆ. ಮಾತ್ರೆಯಲ್ಲಿರುವುದು ದೇಹ ತಾನೇ ಮಾಡುವಂಥದ್ದೇ ಹಾರ್ಮೋನ್. ಅತ್ತೆಯವರಿಗೆ ಇದನ್ನು ಹೇಳಿ ನೋಡಿ: ಮಗುವಿಗೆ ತೊಂದರೆ ಆಗುವುದು ಅದು ಕಡಿಮೆಯಾದಾಗ. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಇವೆಲ್ಲದರ ಭಯ ಹೆಚ್ಚುತ್ತದೆ.

ನಂದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಬಸುರಿಯಾಗುವ ಮೊದಲು 50 ಮೈಕ್ರೋಗ್ರಾಂ ಮಾತ್ರೆಯಲ್ಲಿ ಟಿಎಸ್‌ಎಚ್ 2.1 ಇತ್ತು. ಆರನೇ ವಾರಕ್ಕೆ 6.2. ಈ ಅಂಕಿ ಏರಿದರೆ ದೇಹಕ್ಕೆ ಹಾರ್ಮೋನ್ ಸಾಲುತ್ತಿಲ್ಲ ಎಂದರ್ಥ. ನನಗೆ ಸುಸ್ತು ಬಿಟ್ಟರೆ ಏನೂ ಅನ್ನಿಸಿರಲಿಲ್ಲ, ಆ ಸುಸ್ತು ಎಲ್ಲ ಬಸುರಿಯರಿಗೂ ಇರುವುದೇ. ಡಾಕ್ಟರು 75 ಮಾಡಿದರು, ಹತ್ತನೇ ವಾರಕ್ಕೆ 2.2. 2.5ರ ಒಳಗಿರಲಿ ಎಂಬುದು ಅವರ ಲೆಕ್ಕ. ಇನ್ನು ಸಾಕು ಅಂದುಕೊಂಡೆ. ಮಳೆಗಾಲ, ಶಿವಮೊಗ್ಗಕ್ಕೆ ಹೋಗಿಬರಲು ಇಡೀ ದಿನ ಬೇಕು. ಯಜಮಾನರು ಬಿಡಲಿಲ್ಲ, ಕರೆದುಕೊಂಡೇ ಹೋದರು. ಹದಿನೈದನೇ ವಾರದ ರಿಪೋರ್ಟಲ್ಲಿ 4.8!

ಡೋಸ್ ತಪ್ಪಿಸಿರಲಿಲ್ಲ. ನಾಲ್ಕನೇ ತಿಂಗಳಿಗೆ ಶುರುವಾದ ಕಬ್ಬಿಣದ ಮಾತ್ರೆಯನ್ನು ತಿಂಡಿಯಾದ ಕೂಡಲೇ ನುಂಗುತ್ತಿದ್ದೆ, ಅಂದರೆ ಥೈರಾಯ್ಡ್ ಮಾತ್ರೆಯಾಗಿ ಒಂದೇ ಗಂಟೆಗೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ನಾಲ್ಕು ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ, ಕಬ್ಬಿಣ ರಾತ್ರಿಗೆ ಹೋಯಿತು. ಎದ್ದ ಕೂಡಲೇ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಒಂದು ಗಂಟೆ ಕಾಫಿಯೂ ಇಲ್ಲ. ನಮ್ಮ ಮನೆಯಲ್ಲಿ ಇದೇ ಕಷ್ಟದ್ದು! ಡೋಸ್ ಏರಿಸದೆಯೇ ಹತ್ತೊಂಬತ್ತನೇ ವಾರಕ್ಕೆ 2.0 ಬಂತು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಈ ಮಾತ್ರೆಗೆ ತೇವ ಆಗದು. ಬಾಟಲಿಯನ್ನು ಬಚ್ಚಲ ಹತ್ತಿರ, ಅಡುಗೆಮನೆ ಕಿಟಕಿಯಲ್ಲಿ ಇಡಬೇಡಿ, ಮುಚ್ಚಳ ಬಿಗಿಯಾಗಿರಲಿ.

ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಮೂವತ್ತನೇ ವಾರದ ಹೊತ್ತಿಗೆ ಒಮ್ಮೆ ರಕ್ತ ಕೊಟ್ಟೆ. ಡೋಸ್ ಬದಲಾದರೆ ಮತ್ತೆ ನಾಲ್ಕು ವಾರಕ್ಕೆ ನೋಡಬೇಕು, ಅದಕ್ಕಿಂತ ಮೊದಲು ಟಿಎಸ್‌ಎಚ್ ಸರಿಯಾಗಿ ತೋರಿಸುವುದಿಲ್ಲ. ಹೆರಿಗೆಯಾದ ಮೇಲೆ ಡಾಕ್ಟರು ಮತ್ತೆ 50ಕ್ಕೆ ಇಳಿಸಿದರು, ಆರು ವಾರಕ್ಕೆ ಇನ್ನೊಂದು ಟೆಸ್ಟ್. ಬಾಣಂತನದ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತೆ, ಈಗಲೇ ತಾಯಿ ಕಾರ್ಡಿನ ಮೇಲೆ ಬರೆದಿಡಿ.