ಹಂಚಿಕೊಂಡ ಇನ್‌ಬಾಕ್ಸ್‌ನಲ್ಲಿ ಮೊದಲ ಉತ್ತರದ ಸಮಯ ಮತ್ತು ಬಾಕಿ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ನಾವು ಐದು ಜನ ಒಂದೇ ಸಪೋರ್ಟ್ ಇನ್‌ಬಾಕ್ಸ್ ನೋಡ್ಕೋತೀವಿ. ಎಕ್ಸ್‌ಪೋರ್ಟ್‌ನಲ್ಲಿ ಪ್ರತಿ ಥ್ರೆಡ್‌ನ ಮೇಲ್‌ಗಳನ್ನು ಯಾರು, ಯಾವಾಗ ಕಳಿಸಿದರು ಅಂತ ಮಾತ್ರ ಇದೆ. ಎಷ್ಟು ಬೇಗ ಉತ್ತರ ಕೊಡ್ತೀವಿ, ಎಷ್ಟು ಬಾಕಿ ಇದೆ ಅಂತ ತಿಳಿಯೋದು ಹೇಗೆ?

ಉತ್ತರ: ಪ್ರತಿ ಥ್ರೆಡ್‌ನಲ್ಲಿ ಗ್ರಾಹಕರ ಮೊದಲ ಮೇಲ್ ಬಂದ ಸಮಯ ನೋಡಿ. ಅದಾದ ಮೇಲೆ ನಿಮ್ಮವರು ಕಳಿಸಿದ ಮೊದಲ ಮೇಲ್‌ವರೆಗಿನ ಅಂತರವೇ ಮೊದಲ ಉತ್ತರದ ಸಮಯ. "ನಿಮ್ಮ ಮೇಲ್ ತಲುಪಿದೆ" ಅಂತ ತಾನಾಗಿಯೇ ಹೋಗುವ ಮೇಲ್‌ಗಳನ್ನು ಮೊದಲೇ ತೆಗೆದುಹಾಕಿ, ಇಲ್ಲದಿದ್ದರೆ ಎಲ್ಲರಿಗೂ ಒಂದೇ ನಿಮಿಷದಲ್ಲಿ ಉತ್ತರ ಸಿಕ್ಕಂತೆ ಕಾಣುತ್ತೆ. ಹೆಡರ್ ಸಿಗೋದಾದರೆ, ಅಂಥವುಗಳಲ್ಲಿ ಸಾಮಾನ್ಯವಾಗಿ `Auto-Submitted: auto-replied` ಇರುತ್ತೆ.

ಹೆಚ್ಚಿನವರು ಎಡವೋದು ಇನ್ನೂ ಉತ್ತರವೇ ಸಿಗದ ಥ್ರೆಡ್‌ಗಳಲ್ಲಿ. ಐದು ಥ್ರೆಡ್ ಇವೆ ಅಂದುಕೊಳ್ಳಿ. ನಾಲ್ಕಕ್ಕೆ 20, 30, 40, 50 ನಿಮಿಷದಲ್ಲಿ ಉತ್ತರ ಹೋಗಿದೆ, ಐದನೆಯವರು ಮೂರು ದಿನದಿಂದ ಕಾಯ್ತಿದ್ದಾರೆ. ಅವರನ್ನು ಬಿಟ್ಟು ಸರಾಸರಿ ತೆಗೆದರೆ 35 ನಿಮಿಷ. ಅವರು ಲೆಕ್ಕದಲ್ಲೇ ಇಲ್ಲ! ಅವರನ್ನು ಸಾಲಿನ ಕೊನೆಗೆ ನಿಲ್ಲಿಸಿ ಮೀಡಿಯನ್, ಅಂದರೆ ಸಾಲಿನ ನಟ್ಟನಡುವಿನ ಸಂಖ್ಯೆ ತೆಗೆಯಿರಿ, 40 ಬರುತ್ತೆ. ಆದರೂ ಆ ಮೂರು ದಿನ ಕಾಣೋದಿಲ್ಲ. ಅದನ್ನು ತೋರಿಸೋದು ಬಾಕಿ.

ಬಾಕಿಗೆ ದಿನಾ ಒಂದೇ ಹೊತ್ತು ಇಟ್ಟುಕೊಳ್ಳಿ, ಸಂಜೆ 6 ಗಂಟೆ ಅನ್ನಿ. ಅಷ್ಟರೊಳಗಿನ ಮೇಲ್‌ಗಳಲ್ಲಿ ಯಾವ ಥ್ರೆಡ್‌ನ ಕೊನೆಯ ಮೇಲ್ ಗ್ರಾಹಕರದ್ದೋ ಅದು ಬಾಕಿ. ಎಷ್ಟಿವೆ ಅನ್ನೋದರ ಜೊತೆ ಅತಿ ಹಳೆಯದು ಎಷ್ಟು ಗಂಟೆಗಳಿಂದ ಕಾಯ್ತಿದೆ ಅಂತಲೂ ಬರೆಯಿರಿ. ನನ್ನ ಮಟ್ಟಿಗೆ ಅದೇ ಮುಖ್ಯ. "ಥ್ಯಾಂಕ್ಸ್" ಅಂತ ಮುಗಿದ ಥ್ರೆಡ್ ಕೂಡ ಇದರಲ್ಲಿ ಬಾಕಿಯಾಗಿ ನಿಲ್ಲುತ್ತೆ. ಸಮಯ ನೋಡಿ ಅದನ್ನು ಬೇರ್ಪಡಿಸಲಾಗದು, ತಂಡದವರೇ "ಮುಗಿದಿದೆ" ಅಂತ ಲೇಬಲ್ ಹಾಕಬೇಕು.