ಆಫ್‌ಸೆಟ್ ಅಂತರ ಒಂದೇ ಸಮ ಇಲ್ಲದಾಗ ನಕಾಶೆಯಿಂದ ಕೆರೆ ವಿಸ್ತೀರ್ಣ ತೆಗೆಯೋದು ಹೇಗೆ?

ಪ್ರಶ್ನೆ: ನಮ್ಮೂರ ಗ್ರಾಮ ನಕಾಶೆ (1:7920) ಪ್ರಿಂಟ್ ತಗೊಂಡು ಕೆರೆಯ ಉದ್ದಕ್ಕೆ ಒಂದು ಗೆರೆ ಎಳೆದು, ಅಲ್ಲಲ್ಲಿ ಅಗಲ ಅಳೆದೆ. ಗೆರೆ ಮೇಲಿನ ದೂರ, ಮಿ.ಮೀ.ನಲ್ಲಿ: 0, 4, 10, 18, 30, 38, 43, 46. ಅಲ್ಲಿನ ಅಗಲ (ಎಡ, ಬಲ ಎರಡೂ ಆಫ್‌ಸೆಟ್ ಕೂಡಿಸಿ): 0, 9, 17, 21, 24, 20, 11, 0. ಅಂತರ ಸಮ ಇಲ್ಲದ್ದಕ್ಕೆ ಸರಾಸರಿ ತಗೊಂಡು ಟ್ರಪೆಜಾಯ್ಡಲ್ ಸೂತ್ರಕ್ಕೆ ಹಾಕಿದೆ. 10 ಎಕರೆ 16 ಗುಂಟೆ ಬಂತು. ಪಹಣಿಯಲ್ಲಿ 12 ಎಕರೆ 26 ಗುಂಟೆ ಇದೆ. ಕೆರೆ ಒತ್ತುವರಿ ಆಗಿದೆಯಾ, ಇಲ್ಲಾ ನನ್ನ ಲೆಕ್ಕ ತಪ್ಪಾ?

ಉತ್ತರ:

ಲೆಕ್ಕ ತಪ್ಪಾಗಿದೆ. ಅಳತೆ ಚೆನ್ನಾಗಿಯೇ ಇದೆ. ಸರಾಸರಿ ಅಂತರ ತಗೊಂಡಿರಲ್ಲ, ಅಲ್ಲೇ ಸುಮಾರು ಎರಡು ಎಕರೆ ಕಳೆದುಹೋಗಿದೆ.

ನೀವು ಅಂಚುಗಳ ಹತ್ತಿರ ಒತ್ತೊತ್ತಾಗಿ ಅಳೆದಿದ್ದೀರಿ, ನಡುವೆ ದೂರ ದೂರ ಅಳೆದಿದ್ದೀರಿ. ಅದು ಸರಿಯಾದ ಕ್ರಮವೇ. ದಡ ತಿರುಗುವ ಕಡೆ ಜಾಸ್ತಿ ಆಫ್‌ಸೆಟ್, ನೇರವಾಗಿ ಹೋಗುವ ಕಡೆ ಕಡಿಮೆ. ಆದರೆ ಎಲ್ಲಾ ಅಂತರವನ್ನೂ 46 ಭಾಗಿಸು 7, ಅಂದರೆ 6.57 ಮಿ.ಮೀ. ಅಂತ ಸಮ ಮಾಡಿದ ಕೂಡಲೇ ಅಂಚಿನ ಕಿರಿದಾದ ಜಾಗಗಳು ಉದ್ದ ಆದವು, ನಡುವಿನ ಅಗಲವಾದ ಜಾಗ ಗಿಡ್ಡ ಆಯಿತು. 18ರಿಂದ 30ರವರೆಗೆ ಕೆರೆ ತುಂಬಾ ಅಗಲ ಇದೆ, ಆ ಭಾಗ 12 ಮಿ.ಮೀ. ಉದ್ದವಿದೆ. ನಿಮ್ಮ ಲೆಕ್ಕದಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಸೂತ್ರ ಬಿಟ್ಟುಬಿಡಿ, ಪಟ್ಟಿ ಪಟ್ಟಿಯಾಗಿ ಯೋಚಿಸಿ. ಪಕ್ಕಪಕ್ಕದ ಎರಡು ಅಗಲಗಳ ನಡುವೆ ಇರುವುದು ಒಂದು ತ್ರಾಪಿಜ್ಯ. ಎರಡೂ ಅಗಲ ಕೂಡಿಸಿ ಅರ್ಧ ಮಾಡಿ, ಆ ಪಟ್ಟಿಯ ಸ್ವಂತ ಅಂತರದಿಂದ ಗುಣಿಸಿ. ಪುಸ್ತಕದಲ್ಲಿರುವ ಉದ್ದನೆಯ ಸೂತ್ರ ಬಂದಿರುವುದೇ ಇದರಿಂದ. ಎಲ್ಲಾ ಅಂತರ ಒಂದೇ ಆಗಿದ್ದರೆ ಅದನ್ನು ಹೊರಗೆ ತೆಗೆದು ಒಂದೇ ಸಲ ಗುಣಿಸಬಹುದು, ಇಲ್ಲದಿದ್ದರೆ ಒಳಗೇ ಇರಬೇಕು.

ನಿಮ್ಮ ಅಂಕಿಗಳಿಗೇ ಮಾಡೋಣ:

```
 0–4  : (0+9)/2   × 4  =  18
 4–10 : (9+17)/2  × 6  =  78
10–18 : (17+21)/2 × 8  = 152
18–30 : (21+24)/2 × 12 = 270
30–38 : (24+20)/2 × 8  = 176
38–43 : (20+11)/2 × 5  =  77.5
43–46 : (11+0)/2  × 3  =  16.5
                 ಒಟ್ಟು = 788
```

788 ಚದರ ಮಿ.ಮೀ. ಇದನ್ನು ಎಕರೆಗೆ ತರುವುದು ಈ ನಕಾಶೆಯಲ್ಲಿ ತುಂಬಾ ಸುಲಭ. 1:7920 ಅಂದರೆ ನಕಾಶೆಯ ಒಂದು ಇಂಚು ನೆಲದ ಮೇಲೆ 660 ಅಡಿ. ನಮ್ಮ ಸರ್ವೆಯ ಹಳೇ ಸರಪಳಿ 33 ಅಡಿ, ಹಾಗಾಗಿ ಒಂದು ಇಂಚಿಗೆ ಸರಿಯಾಗಿ 20 ಸರಪಳಿ. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ. ಆದ್ದರಿಂದ ಒಂದು ಚದರ ಇಂಚು 20 ಗುಣಿಸು 20, 400 ಗುಂಟೆ, ಅಂದರೆ 10 ಎಕರೆ. ಒಂದು ಚದರ ಇಂಚಿನಲ್ಲಿ 645 ಚದರ ಮಿ.ಮೀ. ಇರುವುದರಿಂದ, ಚದರ ಮಿ.ಮೀ.ಅನ್ನು 64.5ರಿಂದ ಭಾಗಿಸಿದರೆ ನೇರವಾಗಿ ಎಕರೆ ಬರುತ್ತದೆ. ಹಳಬರು ಈ ಸ್ಕೇಲನ್ನು ಎಷ್ಟು ಯೋಚಿಸಿ ಇಟ್ಟಿದ್ದಾರೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

788 ಭಾಗಿಸು 64.5, 12.22 ಎಕರೆ. ಅಂದರೆ 12 ಎಕರೆ 9 ಗುಂಟೆ. ನಿಮ್ಮ ಹಳೇ ಉತ್ತರಕ್ಕೂ ಇದಕ್ಕೂ ಒಂದು ಎಕರೆ 33 ಗುಂಟೆ ವ್ಯತ್ಯಾಸ.

ಕೂಡಿದ್ದು ಸರಿಯಾ ಅಂತ ನೋಡಲು ಇನ್ನೊಂದು ದಾರಿ ಇದೆ. ಒಂದೊಂದು ಅಗಲವನ್ನೂ, ಅದರ ಹಿಂದಿನ ಮತ್ತು ಮುಂದಿನ ಅಳತೆಗಳ ನಡುವಿನ ದೂರದ ಅರ್ಧದಿಂದ ಗುಣಿಸಿ. ಉದಾಹರಣೆಗೆ 30ರಲ್ಲಿ ಅಗಲ 24. ಅದರ ಹಿಂದೆ 18, ಮುಂದೆ 38. ನಡುವೆ 20, ಅರ್ಧ 10. ಹಾಗಾಗಿ 240. ಹೀಗೇ ಎಲ್ಲವನ್ನೂ ಮಾಡಿದರೆ 45, 119, 210, 240, 130, 44 ಬರುತ್ತದೆ. ಕೂಡಿಸಿದರೆ ಮತ್ತೆ 788. ಎರಡು ದಾರಿಯಲ್ಲೂ ಒಂದೇ ಸಂಖ್ಯೆ ಬರದಿದ್ದರೆ ಎಲ್ಲೋ ಕೈತಪ್ಪಿದೆ ಅಂತ ಅರ್ಥ. ಎಕ್ಸೆಲ್‌ನಲ್ಲಿ ಮಾಡುವುದಾದರೆ A2ರಿಂದ A9ಕ್ಕೆ ದೂರ, B2ರಿಂದ B9ಕ್ಕೆ ಅಗಲ ಹಾಕಿ ಇದನ್ನು ಬರೆಯಿರಿ:

```
=SUMPRODUCT((A3:A9-A2:A8)*(B3:B9+B2:B8))/2
```

ಇಲ್ಲಿಗೆ ಮುಗಿಸಬಹುದಿತ್ತು. ಆದರೆ 18 ಮತ್ತು 30ರ ನಡುವಿನ ಆ ದೊಡ್ಡ ಪಟ್ಟಿ ನನಗೆ ಅಷ್ಟು ಸಮಾಧಾನ ಕೊಡುತ್ತಿಲ್ಲ. ನಿಮ್ಮ ಒಟ್ಟು ವಿಸ್ತೀರ್ಣದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದೊಂದರಲ್ಲೇ ಇದೆ. ಅಲ್ಲಿ ದಡ ನೇರವಾಗಿದೆ ಅಂತ ನಾವು ಸುಮ್ಮನೆ ನಂಬಿಕೊಂಡಿದ್ದೇವೆ.

ಈಗ ಒಂದು ಕೆಲಸ ಮಾಡಿ. ನಕಾಶೆ ಮೇಲೆ ಸ್ಕೇಲ್ ಇಟ್ಟು, 18ರ ಆಫ್‌ಸೆಟ್ ತುದಿಯನ್ನೂ 30ರ ಆಫ್‌ಸೆಟ್ ತುದಿಯನ್ನೂ ಒಂದೇ ಅಂಚಿಗೆ ಕೂಡಿಸಿ. ಎರಡೂ ಬದಿಯ ದಡಕ್ಕೂ ಹೀಗೆ ನೋಡಿ. ಕೆರೆಯ ಗೆರೆ ಸ್ಕೇಲಿನ ಅಂಚಿನಿಂದ ಅರ್ಧ ಮಿ.ಮೀ.ಗಿಂತ ಜಾಸ್ತಿ ಆಚೆ ಉಬ್ಬಿದ್ದರೆ ನಡುವೆ ಇನ್ನೊಂದು ಆಫ್‌ಸೆಟ್ ಬೇಕು. ಟ್ರಪೆಜಾಯ್ಡಲ್ ಲೆಕ್ಕ ದಡವನ್ನು ನೇರ ಗೆರೆಯಿಂದ ಕತ್ತರಿಸುತ್ತದೆ. ಹೊರಗೆ ಉಬ್ಬಿದ ದಡದಲ್ಲಿ ನೀರನ್ನು ಬಿಟ್ಟುಬಿಡುತ್ತದೆ, ಒಳಗೆ ಬಾಗಿದ ದಡದಲ್ಲಿ ನೆಲವನ್ನೂ ಸೇರಿಸಿಕೊಳ್ಳುತ್ತದೆ. ಕೆರೆ ಸಾಮಾನ್ಯವಾಗಿ ಹೊರಗೆ ಉಬ್ಬಿಕೊಂಡೇ ಇರುವುದರಿಂದ ಉತ್ತರ ಕಡಿಮೆ ಬರುವುದೇ ಜಾಸ್ತಿ.

24ರಲ್ಲಿ ಅಳೆದು ನೋಡಿದಾಗ ಅಗಲ 25 ಬಂತು ಅಂತ ಇಟ್ಟುಕೊಳ್ಳಿ. ಆಗ 270ರ ಬದಲು ಎರಡು ಪಟ್ಟಿ: 138 ಮತ್ತು 147, ಒಟ್ಟು 285. ಬರೀ ಒಂದು ಆಫ್‌ಸೆಟ್‌ನಿಂದ 15 ಚದರ ಮಿ.ಮೀ., ಅಂದರೆ 9 ಗುಂಟೆ ಸೇರಿತು. ಒಟ್ಟು 803, ಅಂದರೆ 12 ಎಕರೆ 18 ಗುಂಟೆ. ಎಡ ಅಂಚಿನಲ್ಲಿ, 0 ಮತ್ತು 4ರ ನಡುವೆಯೂ ಇದೇ ಕಥೆ. ಮೊದಲ ಪಟ್ಟಿ ಚೂಪಾದ ತ್ರಿಕೋನ ಆಗಿದೆ, ಆದರೆ ಕೆರೆಯ ತುದಿ ಸಾಮಾನ್ಯವಾಗಿ ದುಂಡಗಿರುತ್ತದೆ. ಒಂದೂವರೆ ಮಿ.ಮೀ. ಹತ್ತಿರ ಇನ್ನೊಂದು ಆಫ್‌ಸೆಟ್ ತಗೊಂಡರೆ ಇನ್ನೂ ಎರಡು ಮೂರು ಗುಂಟೆ ಸಿಗಬಹುದು.

ಈಗ ಸ್ಕೇಲ್ ವಿಷಯ. ನಿಮ್ಮ ಪ್ರಿಂಟ್ ನಿಜವಾಗಲೂ 1:7920 ಇದೆಯಾ ಅಂತ ನೋಡಿದಿರಾ? ಸರ್ವೆ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ಒಂದು ಪಿಡಿಎಫ್ ನಕಾಶೆ ಪ್ರಿಂಟ್ ಮಾಡಿಸಿದ್ದೆ. ಕಾಗದಕ್ಕೆ ಹೊಂದಿಸುವ ಸೆಟ್ಟಿಂಗ್ ಆನ್ ಇತ್ತು. ಚಿತ್ರ ನೂರಕ್ಕೆ ಆರರಷ್ಟು ಕುಗ್ಗಿತ್ತು, ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಉದ್ದ ಅಗಲ ಎರಡೂ ಕುಗ್ಗಿದ್ದರಿಂದ ವಿಸ್ತೀರ್ಣ ನೂರಕ್ಕೆ ಹನ್ನೆರಡರಷ್ಟು ಕಡಿಮೆ ಬಂತು. ಎರಡು ದಿನ ಒಂದೇ ತೋಟವನ್ನು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಕೊನೆಗೆ ನಕಾಶೆಯ ಸ್ಕೇಲ್ ಪಟ್ಟಿಯನ್ನು ಅಳೆದಾಗ 25.4 ಮಿ.ಮೀ. ಇರಬೇಕಾದದ್ದು 24ಕ್ಕೂ ಕಡಿಮೆ ಇತ್ತು. ನಿಮ್ಮ ಪ್ರಿಂಟ್‌ನಲ್ಲಿ ಸ್ಕೇಲ್ ಪಟ್ಟಿ ಇದ್ದರೆ 660 ಅಡಿಗೆ ಎಷ್ಟು ಮಿ.ಮೀ. ಬರುತ್ತದೆ ನೋಡಿ. ಪಟ್ಟಿ ಇಲ್ಲದಿದ್ದರೆ ಜಾಗ ಬದಲಿಸದ ಎರಡು ಬಾಂದುಕಲ್ಲುಗಳ ನಡುವೆ ನೆಲದ ಮೇಲೆ ಟೇಪ್ ಹಿಡಿದು ಅಳೆದು, ನಕಾಶೆಯ ದೂರಕ್ಕೆ ಹೋಲಿಸಿ.

ಗೆರೆಯ ದಪ್ಪವನ್ನೂ ಮರೆಯಬೇಡಿ. ಯಾವಾಗಲೂ ಗೆರೆಯ ನಡುವಿಗೆ ಅಳೆಯಿರಿ. ಪ್ರತಿ ಅಗಲದಲ್ಲೂ ಅರ್ಧ ಮಿ.ಮೀ. ಜಾಸ್ತಿ ಓದಿದರೆ 46 ಮಿ.ಮೀ. ಉದ್ದಕ್ಕೆ 23 ಚದರ ಮಿ.ಮೀ. ಆಗುತ್ತದೆ. ಅದು 14 ಗುಂಟೆ! ಅದಕ್ಕೇ ಈ ನಕಾಶೆಯಿಂದ ಬಂದ ಉತ್ತರವನ್ನು ನಾನು "ಸುಮಾರು ಹನ್ನೆರಡೂವರೆ ಎಕರೆ" ಅಂತಲೇ ಹೇಳುತ್ತೇನೆ. ಗುಂಟೆವರೆಗೆ ಖಚಿತ ಅಂತ ಹೇಳುವಷ್ಟು ಈ ಅಳತೆಗೆ ಶಕ್ತಿ ಇಲ್ಲ. ಪಹಣಿಯ 12 ಎಕರೆ 26 ಗುಂಟೆ ಈ ಹಿಡಿತದ ಒಳಗೇ ಬರುತ್ತದೆ.

ಇನ್ನೂ ಅನುಮಾನ ಇದ್ದರೆ ಮೊದಲಿನ ಗೆರೆಗೆ ಅಡ್ಡವಾಗಿ ಇನ್ನೊಂದು ಬೇಸ್ ಲೈನ್ ಎಳೆದು, ಹೊಸದಾಗಿ ಆಫ್‌ಸೆಟ್ ತಗೊಂಡು ಮಾಡಿ. ಸೆಟ್‌ಸ್ಕ್ವೇರ್ ಇಟ್ಟೇ ಲಂಬ ಎಳೆಯಿರಿ, ಕಣ್ಣಂದಾಜು ಬೇಡ. ನಡುಗಡ್ಡೆ ಇದ್ದರೆ ಅದನ್ನು ಬೇರೆಯಾಗಿ ಲೆಕ್ಕ ಹಾಕಿ ಕಳೆಯಿರಿ. ಎರಡು ಉತ್ತರಗಳೂ ನೂರಕ್ಕೆ ಎರಡು ಮೂರರ ಒಳಗೆ ಕೂಡಿದರೆ ನೆಮ್ಮದಿ. ಸಿಂಪ್ಸನ್ ಸೂತ್ರ ಬಳಸಿ ಅಂತ ಯಾರಾದರೂ ಹೇಳಬಹುದು. ಪುಸ್ತಕದಲ್ಲಿರುವ ಸಿಂಪ್ಸನ್‌ಗೆ ಅಂತರ ಸಮ ಇರಬೇಕು, ಪಟ್ಟಿಗಳ ಸಂಖ್ಯೆ ಸಮಸಂಖ್ಯೆ ಆಗಿರಬೇಕು. ನಿಮ್ಮ ಅಳತೆಗೆ ಅದು ಹೊಂದುವುದಿಲ್ಲ.

ಇನ್ನು ಒತ್ತುವರಿ. ಅದು ಗ್ರಾಮ ನಕಾಶೆಯಲ್ಲಿ ಕಾಣುವುದೇ ಇಲ್ಲ. ನಕಾಶೆಯ ಗೆರೆ ಸರ್ವೆ ನಂಬರಿನ ಗಡಿ, ಇವತ್ತಿನ ನೀರಿನ ಅಂಚಲ್ಲ. ಪಹಣಿಯೂ ಅದೇ ಸರ್ವೆ ನಂಬರಿನದ್ದು. ಹಾಗಾಗಿ ಇವೆರಡನ್ನೂ ಹೋಲಿಸಿದರೆ ನಿಮ್ಮ ಲೆಕ್ಕ ಸರಿಯಾ ಅಂತ ಗೊತ್ತಾಗುತ್ತದೆ ಅಷ್ಟೇ. ಒತ್ತುವರಿ ನೋಡಬೇಕಾದರೆ ಇದೇ ಬೇಸ್ ಲೈನನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಎಳೆಯಿರಿ. ಏರಿಯ ಎರಡು ತುದಿ, ಕೋಡಿ, ಹೀಗೆ ನಕಾಶೆಯಲ್ಲೂ ಚಿತ್ರದಲ್ಲೂ ಗುರುತು ಸಿಗುವ ಜಾಗಗಳಿಂದ ಗೆರೆ ಕೂರಿಸಿ, ಅದೇ ದೂರಗಳಲ್ಲಿ ಅಗಲ ಅಳೆಯಿರಿ. ಆಗ ಒಟ್ಟು ಎಷ್ಟು ಕಡಿಮೆ ಆಗಿದೆ ಅನ್ನುವುದರ ಜೊತೆಗೆ ಯಾವ ಪಟ್ಟಿಯಲ್ಲಿ ಕಡಿಮೆ ಆಗಿದೆ ಅಂತಲೂ ಕಾಣುತ್ತದೆ. ಆದರೆ ಆ ಚಿತ್ರ ಯಾವ ತಿಂಗಳಿನದ್ದು ಅಂತ ಮೊದಲು ನೋಡಿ. ಏಪ್ರಿಲ್‌ನಲ್ಲಿ ನೀರು ಹಿಂದೆ ಸರಿದು ಬರೀ ಅಂಗಳ ಕಾಣುತ್ತಿದ್ದರೆ ಅದನ್ನು ಒತ್ತುವರಿ ಅಂತ ಎಣಿಸಬೇಡಿ. ನೀರಿನ ಅಂಚು ಬಿಟ್ಟು, ಬೇಲಿ, ಉಳುಮೆ, ಕಟ್ಟಡ ಎಲ್ಲಿಂದ ಶುರುವಾಗುತ್ತದೋ ಅಲ್ಲಿಗೆ ಅಳೆಯಿರಿ.