ಫೋಟೋದಲ್ಲಿರುವ ಡ್ರಾಯಿಂಗ್‌ನ ಟೈಟಲ್ ಬ್ಲಾಕ್ ಓದಿಸುವುದು

ಪ್ರಶ್ನೆ: ಗ್ರಾಹಕರು ಡ್ರಾಯಿಂಗ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಟೈಟಲ್ ಬ್ಲಾಕ್‌ನಲ್ಲಿರೋ ಪಾರ್ಟ್ ನಂಬರ್, ಟಾಲರೆನ್ಸ್, ಸೈಜ್ ಎಲ್ಲಾ ತಾನಾಗೇ ಎಕ್ಸೆಲ್‌ಗೆ ಬರಬೇಕು. ಟೆಸರಾಕ್ಟ್ ಹಾಕಿ ನೋಡಿದೆ, ಅರ್ಧ ಕಸ ಬರ್ತಿದೆ. ಏನು ಮಾಡಲಿ?

ಮೊದಲು ಫೋಟೋ ಸರಿ ಮಾಡಿಕೊಳ್ಳಿ. ನಾನು ಪೀಣ್ಯದ ಒಂದು ಸಣ್ಣ ಟರ್ನಿಂಗ್ ಶಾಪ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ನಮಗೂ ಶುರುವಿನಲ್ಲಿ ಕಸವೇ ಬರುತ್ತಿತ್ತು. ಪ್ರೋಗ್ರಾಂ ಸರಿಯಿಲ್ಲ ಅಂದುಕೊಂಡು ಒಂದು ವಾರ ಅದರಲ್ಲೇ ಕಳೆದೆ. ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿದಾಗ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು.

ಎ3 ಹಾಳೆ 420 ಮಿ.ಮೀ. ಅಗಲ ಇರುತ್ತದೆ. ಟೈಟಲ್ ಬ್ಲಾಕ್‌ನ ಸಣ್ಣ ಅಕ್ಷರ ಸಾಮಾನ್ಯವಾಗಿ 2.5 ಮಿ.ಮೀ. ಎತ್ತರ. ಫೋನಿನ ಫೋಟೋ 4000 ಪಿಕ್ಸೆಲ್ ಅಗಲ ಇದ್ದರೆ ಒಂದು ಮಿ.ಮೀ.ಗೆ 9.5 ಪಿಕ್ಸೆಲ್ ಸಿಗುತ್ತದೆ, ಅಂದರೆ ಅಕ್ಷರದ ಎತ್ತರ ಸುಮಾರು 24 ಪಿಕ್ಸೆಲ್. ಇಷ್ಟಿದ್ದರೆ ಟೆಸರಾಕ್ಟ್ ಹೇಗೋ ಓದುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಆಗ ಅದೇ ಅಕ್ಷರ 9 ಪಿಕ್ಸೆಲ್. ಅಷ್ಟರಲ್ಲಿ 8 ಯಾವುದು, B ಯಾವುದು ಅಂತ ನಿಮ್ಮ ಕಣ್ಣಿಗೇ ಗೊತ್ತಾಗಲ್ಲ, ಅಲ್ವಾ? ಅದನ್ನು ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಹೋದದ್ದು ವಾಪಸ್ ಬರುವುದಿಲ್ಲ.

ಹಾಗಾಗಿ ಗ್ರಾಹಕರ ಹತ್ತಿರ ಎರಡು ವಿಷಯ ಕೇಳಿಕೊಳ್ಳಿ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲಿ. ಇಡೀ ಹಾಳೆಯ ಜೊತೆಗೆ ಟೈಟಲ್ ಬ್ಲಾಕ್‌ನದ್ದೇ ಇನ್ನೊಂದು ಫೋಟೋ ಹತ್ತಿರದಿಂದ ತೆಗೆಯಲಿ. ಐಎಸ್‌ಒ 7200 ಪ್ರಕಾರ ಮಾಡಿದ ಬ್ಲಾಕ್ 180 ಮಿ.ಮೀ. ಅಗಲ. ಅದೊಂದೇ ಫೋಟೋ ತುಂಬಿದರೆ ಅಕ್ಷರಕ್ಕೆ 50 ಪಿಕ್ಸೆಲ್‌ಗಿಂತ ಜಾಸ್ತಿ ಸಿಗುತ್ತದೆ. ನಮ್ಮಲ್ಲಿ ಅರ್ಧಕ್ಕರ್ಧ ತೊಂದರೆ ಇಷ್ಟಕ್ಕೇ ಹೋಯಿತು.

ಮುಂದಿನದು ನೇರ ಮಾಡುವುದು. ಹಾಳೆಯ ಅಂಚು ಹಿಡಿಯಬೇಡಿ, ಮಡಚಿದ ಹಾಳೆಯ ಮೂಲೆ ಎದ್ದಿರುತ್ತದೆ. ಟೈಟಲ್ ಬ್ಲಾಕ್‌ನ ಹೊರಗೆರೆಯ ನಾಲ್ಕು ಮೂಲೆ ಹಿಡಿಯಿರಿ. ಆ ಗ್ರಾಹಕರ ಒಂದು ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಬ್ಲಾಕ್ ಎಷ್ಟು ಅಗಲ, ಎಷ್ಟು ಎತ್ತರ ಅಂತ ಒಂದು ಸಲ ಅಳೆದಿಟ್ಟುಕೊಂಡರೆ ಸಾಕು. 180 × 60 ಮಿ.ಮೀ. ಇದೆ ಅಂದುಕೊಳ್ಳೋಣ. ಒಂದು ಮಿ.ಮೀ.ಗೆ 20 ಪಿಕ್ಸೆಲ್ ಇಟ್ಟರೆ ಹೀಗೆ:

```python
dst = np.float32([[0,0],[3600,0],[3600,1200],[0,1200]])
M = cv2.getPerspectiveTransform(src, dst)
tb = cv2.warpPerspective(gray, M, (3600, 1200))
```

`gray` ಅಂದರೆ ಬಣ್ಣ ತೆಗೆದ ಫೋಟೋ. `src` ಅಂದರೆ ಫೋಟೋದಲ್ಲಿ ಆ ನಾಲ್ಕು ಮೂಲೆಗಳು ಎಲ್ಲಿವೆ ಅನ್ನುವುದು, `dst`ನ ಕ್ರಮದಲ್ಲೇ, ಅದೇ ರೀತಿ `np.float32` ಆಗಿ. ಇದಾದ ಮೇಲೆ ಪ್ರತಿ ಮನೆಯೂ ಗೊತ್ತಿರುವ ಜಾಗದಲ್ಲೇ ಇರುತ್ತದೆ. ಇಡೀ ಬ್ಲಾಕನ್ನು ಒಟ್ಟಿಗೆ ಓದಿಸಿದ್ದೇ ನಿಮಗೆ ಕಸ ಬರಲು ಇನ್ನೊಂದು ಕಾರಣ ಇರಬೇಕು. ಟೆಸರಾಕ್ಟ್ ಗೆರೆಗಳನ್ನೂ ಅಕ್ಷರ ಅಂದುಕೊಳ್ಳುತ್ತದೆ, ಅಕ್ಕಪಕ್ಕದ ಮನೆಗಳನ್ನು ಒಂದೇ ಸಾಲಿಗೆ ಸೇರಿಸುತ್ತದೆ. ಒಂದೊಂದೇ ಮನೆ ಕತ್ತರಿಸಿ, ಗೆರೆಯಿಂದ ಸ್ವಲ್ಪ ಒಳಗೆ. ಸುತ್ತ 20 ಪಿಕ್ಸೆಲ್ ಬಿಳಿ ಅಂಚು ಸೇರಿಸಿ `--psm 7` ಕೊಟ್ಟು ಓದಿಸಿ. ಅದು ಒಂದೇ ಸಾಲಿನ ಬರಹ ಅಂತ ಹೇಳುವ ಆಯ್ಕೆ. ಯಾವ ಮನೆ ಎಲ್ಲಿದೆ ಅಂತ ಒಬ್ಬೊಬ್ಬ ಗ್ರಾಹಕರ ಬ್ಲಾಕ್‌ಗೂ ಒಂದೊಂದು ನಕ್ಷೆ ಮಾಡಿಕೊಳ್ಳಬೇಕಾಗುತ್ತದೆ, ನಿಜ. ಆದರೆ ಸಣ್ಣ ಶಾಪ್‌ಗೆ ಪದೇಪದೇ ಕೆಲಸ ಕೊಡುವವರು ಹತ್ತು ಹದಿನೈದು ಜನ ಇರಬಹುದು, ಅಷ್ಟೇ.

ಈಗ ಓದಿದ್ದನ್ನು ನಂಬುವ ವಿಷಯ. ಟೆಸರಾಕ್ಟ್ ಕೊಡುವ `conf` ಅಂಕಿ ನೋಡಿ ನಿರ್ಧಾರ ಮಾಡಬೇಡಿ. B ಅನ್ನು 8 ಅಂತ ಓದಿ 90ಕ್ಕಿಂತ ಜಾಸ್ತಿ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಆ ಮನೆಯಲ್ಲಿ ಏನು ಬರಲು ಸಾಧ್ಯ ಅನ್ನುವುದರಿಂದ ಪರೀಕ್ಷಿಸಿ.

ಟಾಲರೆನ್ಸ್ ಮನೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. `ISO 2768-mK` ಅಂತ ಇದ್ದರೆ ಮೊದಲ ಅಕ್ಷರ f, m, c, v ನಾಲ್ಕರಲ್ಲಿ ಒಂದು, ಎರಡನೆಯದು H, K, L ಮೂರರಲ್ಲಿ ಒಂದು. ಒಟ್ಟು ಹನ್ನೆರಡೇ ಜೋಡಿ. `2768-rnK` ಅಂತ ಬಂದರೂ m ಅಂತ ಹಿಡಿಯಬಹುದು. ಹನ್ನೆರಡರಲ್ಲಿ ಯಾವುದಕ್ಕೂ ಹೊಂದದಿದ್ದರೆ ಊಹೆ ಮಾಡದೆ ಮನುಷ್ಯರಿಗೆ ತೋರಿಸಿ. ± ಗುರುತು ಓದಿಸುವ ಆಸೆ ಬಿಟ್ಟುಬಿಡಿ. ಅದು `+` ಅಂತಲೋ `4` ಅಂತಲೋ ಬರುತ್ತದೆ. `40.2` ಅಂತ ಬಂದರೆ ಅದು ±0.2 ಇರಬಹುದು.

ಅಕ್ಷರದಿಂದ ಅಂಕಿಗೆ ಹೋಗುವಾಗ ಒಂದು ಎಚ್ಚರ. m ದರ್ಜೆಯಲ್ಲಿ 6ಕ್ಕಿಂತ ಜಾಸ್ತಿ, 30ರವರೆಗೆ ±0.2. 30ಕ್ಕಿಂತ ಜಾಸ್ತಿ, 120ರವರೆಗೆ ±0.3. ಸರಿಯಾಗಿ 30 ಇದ್ದರೆ ±0.2ಕ್ಕೇ ಸೇರಬೇಕು. ಕೋಡ್‌ನಲ್ಲಿ `<` ಹಾಕಿ `<=` ಮರೆತರೆ ಅದು ±0.3 ಆಗುತ್ತದೆ. ಚಾಂಫರ್‌ಗೆ ಬೇರೆಯೇ ಪಟ್ಟಿ ಇದೆ. 1 ಮಿ.ಮೀ. ಉದ್ದದ ಅಳತೆಗೆ ±0.1, ಅದೇ 1 ಮಿ.ಮೀ. ಚಾಂಫರ್‌ಗೆ ±0.2.

ಸೈಜ್‌ಗೆ ಬರೋಣ. ನಮಗೆ ಬರುವ ಬ್ಲಾಕ್‌ಗಳಲ್ಲಿ ಕಚ್ಚಾ ಮಾಲಿನ ಸೈಜ್ ಮತ್ತು ತೂಕ ಎರಡೂ ಇರುತ್ತವೆ. ಒಂದು ಇಎನ್8 ಪಾರ್ಟ್‌ನಲ್ಲಿ `Ø40 x 65`, ತೂಕ `0.64` ಕೆಜಿ ಅಂತ ಇತ್ತು. ಓದಿ ಬಂದದ್ದು `840 x 65`. Ø ಅನ್ನೋದು 0, O, 8 ಏನು ಬೇಕಾದರೂ ಆಗಬಹುದು. ಈಗ ತೂಕ ಲೆಕ್ಕ ಹಾಕಿ. 40 ವ್ಯಾಸ, 65 ಉದ್ದ ಅಂದರೆ ಸುಮಾರು 81.7 ಘನ ಸೆಂ.ಮೀ. ಉಕ್ಕಿನ 7.85ರಿಂದ ಗುಣಿಸಿದರೆ 641 ಗ್ರಾಂ. ಬ್ಲಾಕ್‌ನಲ್ಲಿರುವ 0.64ಕ್ಕೆ ಸರಿಹೋಯಿತು. 840 ಆಗಿದ್ದರೆ ಇನ್ನೂರೆಂಬತ್ತು ಕೆಜಿ ದಾಟುತ್ತಿತ್ತು. ಎರಡು ಮನೆಗಳು ಒಂದಕ್ಕೊಂದು ಸಾಕ್ಷಿ ಹೇಳುವಾಗ ನನಗೆ ಧೈರ್ಯ ಬರುತ್ತದೆ. ಒಂದೇ ಮಾತು, ಆ ತೂಕ ಕಚ್ಚಾ ಮಾಲಿನದ್ದೋ ಫಿನಿಶ್ ಆದದ್ದೋ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಪಾರ್ಟ್ ನಂಬರ್‌ಗೆ ಎಕ್ಸೆಲ್ಲೇ ಶತ್ರು. `0045120` ಹಾಕಿದರೆ ಮುಂದಿನ ಸೊನ್ನೆ ನುಂಗುತ್ತದೆ. `12-03-01` ದಿನಾಂಕ ಆಗುತ್ತದೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಅಳತೆಗಳನ್ನೂ ಹಾಗೇ ಇಡಿ. ಅಮೆರಿಕದ ಡ್ರಾಯಿಂಗ್‌ಗಳಲ್ಲಿ ಬಿಂದುವಿನ ನಂತರ ಎಷ್ಟು ಅಂಕಿ ಇವೆ ಅನ್ನುವುದರ ಮೇಲೆಯೇ ಟಾಲರೆನ್ಸ್ ನಿಂತಿರುವುದುಂಟು. ಅಲ್ಲಿ 1.5 ಬೇರೆ, 1.50 ಬೇರೆ.

ಕೊನೆಗೆ ಪಾರ್ಟ್ ನಂಬರ್ ಮತ್ತು ರಿವಿಷನ್ ಎರಡನ್ನೂ ಪಿಒ ಜೊತೆ ಹೋಲಿಸಿ. ಒಮ್ಮೆ ಒಬ್ಬ ಗ್ರಾಹಕರು ಗೋಡೆಗೆ ಅಂಟಿಸಿದ್ದ ಹಳೆಯ ಪ್ರಿಂಟ್‌ನ ಫೋಟೋ ಕಳಿಸಿದ್ದರು. ನಮ್ಮ ಪ್ರೋಗ್ರಾಂ ರಿವಿಷನ್ C ಅಂತ ಸರಿಯಾಗಿಯೇ ಓದಿತ್ತು. ಪಿಒದಲ್ಲಿ D ಇತ್ತು. ನಾವು ಹೋಲಿಸಲಿಲ್ಲ. 60 ಪೀಸ್‌ಗಳಲ್ಲಿ ಗ್ರೂವ್ ಹಳೆಯ ಜಾಗದಲ್ಲೇ ಬಿತ್ತು. ಅಂದಿನಿಂದ ಶೀಟ್‌ನಲ್ಲಿ ಓದಿದ ಅಕ್ಷರದ ಪಕ್ಕದಲ್ಲೇ ಆ ಮನೆಯ ಕತ್ತರಿಸಿದ ಚಿತ್ರವನ್ನೂ ಇಡುತ್ತೇವೆ, ಅದರ ಪಕ್ಕ ಪಿಒದಲ್ಲಿರುವುದನ್ನು. ನೋಡಲು ಒಂದು ಸಾಲಿಗೆ ಎರಡು ಸೆಕೆಂಡ್. ಪೆನ್ನಿನಲ್ಲಿ ಹೊಡೆದು ತಿದ್ದಿದ ಅಂಕಿಗಳಿದ್ದರೆ ಅವೂ ಅಲ್ಲೇ ಕಣ್ಣಿಗೆ ಬೀಳುತ್ತವೆ. ಅವನ್ನು ಟೆಸರಾಕ್ಟ್ ಕೈಗೆ ಕೊಡಬೇಡಿ, ಗ್ರಾಹಕರಿಗೆ ಫೋನ್ ಮಾಡಿ ಕೇಳಿ.